ಪಾಠದ ಒಂಬತ್ತು ಘಟ್ಟಗಳು: ನಂಬಿಕೆ ಎಷ್ಟು, ಸತ್ಯ ಎಷ್ಟು?

ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸಿದರೆ ಎಷ್ಟು? ಭಿನ್ನರಾಶಿಯ ಸಂಕಲನ ಆಗಷ್ಟೇ ಕಲಿಯುತ್ತಿರುವ ತರಗತಿಯಲ್ಲಿ ಹೀಗೆ ಕೇಳಿದರೆ ಕೆಲವು ಮಕ್ಕಳಾದರೂ 2/5 ಎನ್ನುತ್ತಾರೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದರಾಯಿತು ಎಂಬುದು ಅವರ ಲೆಕ್ಕ. ಮೇಷ್ಟ್ರು ಲ.ಸಾ.ಅ. ತೆಗೆಯುವ ವಿಧಾನ ಹೇಳಿಕೊಡುತ್ತಾರೆ, ಮಕ್ಕಳು ಅಂದು ಸರಿಯಾಗಿ ಮಾಡುತ್ತಾರೆ. ತಿಂಗಳು ಕಳೆದು ನೋಡಿದರೆ ಅದೇ 2/5 ಮರಳಿ ಬಂದಿರುತ್ತದೆ.

ಇಂಥ ಪಾಠ ಎಲ್ಲಿ ಸೋರಿತು ಎಂದು ಪತ್ತೆ ಹಚ್ಚಲು ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಗ್ಯಾಗ್ನೆ (1916–2002) ಹಾಕಿಕೊಟ್ಟ ಪಟ್ಟಿ ನೆರವಾಗುತ್ತದೆ. ಎರಡನೇ ಮಹಾಯುದ್ಧದ ಕಾಲದಿಂದ ಸೇನೆಯ ತರಬೇತಿಯನ್ನು ಹತ್ತಿರದಿಂದ ಕಂಡಿದ್ದ ಅವರು, ‘ಅಭ್ಯಾಸ ಮಾಡಿಸುತ್ತಾ ಹೋದರೆ ಕಲಿಕೆ ಆಗಿಯೇ ಆಗುತ್ತದೆ’ ಎಂಬ ಮಾತು ಸಾಲದು ಎಂದು 1962ರ ಒಂದು ಲೇಖನದಲ್ಲಿ ವಾದಿಸಿದರು. ಕಲಿಯಬೇಕಾದ ಕೆಲಸವನ್ನು ಬಿಡಿಸಿ ನೋಡಿ, ಯಾವುದು ಮೊದಲು ಗೊತ್ತಿರಬೇಕು ಎಂದು ತಿಳಿದು ಪಾಠ ಕಟ್ಟಬೇಕು ಎಂಬುದು ಅವರ ನಿಲುವು. 1965ರಲ್ಲಿ ಬಂದ ಅವರ ‘ದಿ ಕಂಡಿಷನ್ಸ್ ಆಫ್ ಲರ್ನಿಂಗ್’ ಪುಸ್ತಕ ಮತ್ತು ನಂತರದ ಬರಹಗಳಿಂದ ಒಂಬತ್ತು ಬೋಧನಾ ಘಟ್ಟಗಳು ಹೆಸರಾದವು: ಗಮನ ಸೆಳೆಯುವುದು, ಉದ್ದೇಶ ತಿಳಿಸುವುದು, ಹಿಂದೆ ಕಲಿತದ್ದನ್ನು ನೆನಪಿಗೆ ತರುವುದು, ಹೊಸ ವಿಷಯ ಮುಂದಿಡುವುದು, ಕಲಿಯಲು ದಾರಿ ತೋರುವುದು, ಮಾಡಿಸಿ ನೋಡುವುದು, ಹಿಮ್ಮಾಹಿತಿ ಕೊಡುವುದು, ಮೌಲ್ಯಮಾಪನ ಮಾಡುವುದು, ಕಲಿತದ್ದು ಉಳಿಯುವಂತೆಯೂ ಬೇರೆಡೆ ಬಳಕೆಯಾಗುವಂತೆಯೂ ನೋಡಿಕೊಳ್ಳುವುದು.

ಪಟ್ಟಿ ಸರಳವಾಗಿದೆ. ಅದರ ಸುತ್ತ ಬೆಳೆದ ನಂಬಿಕೆಗಳು ಹಾಗಿಲ್ಲ.

ತಪ್ಪು ಕಲ್ಪನೆ 1: ಒಂಬತ್ತೂ ಘಟ್ಟಗಳು ಪ್ರತಿ ಪೀರಿಯಡ್‌ನಲ್ಲೂ ಇದೇ ಕ್ರಮದಲ್ಲಿ ಬರಲೇಬೇಕು

ಪಾಠಯೋಜನೆ ಬರೆಯುವ ಎಷ್ಟೋ ಪ್ರಶಿಕ್ಷಣಾರ್ಥಿಗಳು ಒಂಬತ್ತು ಅಂಕಣ ಗೆರೆ ಎಳೆದು, ಒಂದೂ ಖಾಲಿ ಬಿಡದಂತೆ ತುಂಬಿಸುತ್ತಾರೆ.

ಸತ್ಯ: ಕಲಿಯುವವರ ತಲೆಯೊಳಗೆ ನಡೆಯುವ ಕೆಲಸಕ್ಕೆ ಹೊರಗಿನಿಂದ ಸಿಗುವ ಆಸರೆಯನ್ನೇ ಗ್ಯಾಗ್ನೆ ಬೋಧನಾ ಘಟ್ಟ ಎಂದರು. ಒಳಗಿನ ಕೆಲಸ ತಾನಾಗಿ ನಡೆಯುತ್ತಿದ್ದರೆ ಹೊರಗಿನ ಆಸರೆ ಬೇಕಿಲ್ಲ. ಅನುಭವಿ ಕಲಿಕಾರ್ಥಿ ತನ್ನ ಗುರಿಯನ್ನು ತಾನೇ ಇಟ್ಟುಕೊಳ್ಳುತ್ತಾನೆ, ಹಳೆಯದನ್ನು ತಾನೇ ನೆನೆಯುತ್ತಾನೆ. ಕ್ರಮವೂ ಹಿಂದುಮುಂದಾಗಬಹುದು, ಒಂದೇ ಪಾಠದಲ್ಲಿ ‘ಮಾಡಿಸು, ತಿದ್ದು’ ಎಂಬ ಜೋಡಿ ನಾಲ್ಕಾರು ಸಲ ಸುತ್ತಬಹುದು. ಇದನ್ನೆಲ್ಲ ಗ್ಯಾಗ್ನೆಯವರೇ ಒಪ್ಪಿದ್ದರು.

ಆದರೆ ಹಾರಿಸಿದರೆ ಪಾಠವೇ ಕುಸಿಯುವ ಘಟ್ಟಗಳೂ ಇವೆ. ಭಿನ್ನರಾಶಿಯ ಪಾಠದಲ್ಲಿ ಅಂಥದ್ದು ಮೂರನೆಯದು. 1/2 ಮತ್ತು 3/6 ಒಂದೇ ಎಂಬುದು ಗೊತ್ತಿಲ್ಲದ ಮಗುವಿಗೆ ಛೇದ ಸಮ ಮಾಡುವುದು ಬರೀ ಮಂತ್ರದಂತೆ ಕೇಳಿಸುತ್ತದೆ. ‘ಸಮಾನ ಭಿನ್ನರಾಶಿ ನೆನಪಿದೆಯಾ?’ ಎಂದರೆ ಇಡೀ ತರಗತಿ ‘ಹೂಂ ಸಾರ್’ ಎನ್ನುತ್ತದೆ, ಅದರಿಂದ ಏನೂ ತಿಳಿಯದು. ‘1/3ಕ್ಕೆ ಸಮವಾದ ಎರಡು ಭಿನ್ನರಾಶಿ ಬರೆದು ತೋರಿಸಿ’ ಎಂದರೆ ಯಾರ ಬುನಾದಿ ಗಟ್ಟಿ, ಯಾರದ್ದು ಅಲ್ಲ ಎಂಬುದು ಎರಡು ನಿಮಿಷದಲ್ಲಿ ಕಾಣುತ್ತದೆ. ಅರ್ಧ ತರಗತಿ ಬರೆಯದೆ ಕುಳಿತಿದ್ದರೆ ಅಂದಿನ ಪಾಠವನ್ನೇ ಬದಲಿಸಬೇಕಾಗುತ್ತದೆ.

ತಪ್ಪು ಕಲ್ಪನೆ 2: ಗಮನ ಸೆಳೆಯುವುದು ಎಂದರೆ ಮೋಜಿನ ಕಥೆ, ಹಾಡು ಅಥವಾ ವಿಡಿಯೊ

ಸತ್ಯ: ವಿಷಯಕ್ಕೆ ಸಂಬಂಧವಿಲ್ಲದ ಮೋಜು ಗಮನವನ್ನು ಸೆಳೆಯುತ್ತದೆ ನಿಜ, ಆದರೆ ಬೇರೆ ಕಡೆಗೆ. ಶಾನನ್ ಹಾರ್ಪ್ ಮತ್ತು ರಿಚರ್ಡ್ ಮೇಯರ್ 1998ರಲ್ಲಿ ಇದನ್ನು ಪರೀಕ್ಷಿಸಿದರು. ಮಿಂಚು ಹೇಗೆ ಉಂಟಾಗುತ್ತದೆ ಎಂದು ವಿವರಿಸುವ ಪಾಠವನ್ನು ಕೆಲವು ವಿದ್ಯಾರ್ಥಿಗಳಿಗೆ ಹಾಗೆಯೇ ಕೊಟ್ಟರು. ಇನ್ನು ಕೆಲವರಿಗೆ ಸಿಡಿಲು ಬಡಿದವರ ಕುರಿತ ಕುತೂಹಲಕರ ಸಂಗತಿಗಳನ್ನು ಸೇರಿಸಿ ಕೊಟ್ಟರು. ರೋಚಕ ಸಂಗತಿ ಓದಿದವರಿಗೆ ಮುಖ್ಯ ವಿಷಯ ಕಡಿಮೆ ನೆನಪಿತ್ತು, ಹೊಸ ಪ್ರಶ್ನೆಗಳಿಗೆ ಉತ್ತರಿಸುವುದರಲ್ಲೂ ಅವರು ಹಿಂದೆ ಬಿದ್ದರು. ಅಂಥ ಸಂಗತಿಗಳನ್ನು ಪಾಠದ ಕೊನೆಗಿಂತ ಮೊದಲಿಗೇ ಇಟ್ಟಾಗ ಹಾನಿ ಹೆಚ್ಚಿತ್ತು. ಓದುಗರ ಮನಸ್ಸು ಮೊದಲೇ ತಪ್ಪು ಜಾಡು ಹಿಡಿದು, ಮುಂದಿನದನ್ನೆಲ್ಲ ಅದಕ್ಕೆ ಜೋಡಿಸಿಕೊಳ್ಳುತ್ತದೆ ಎಂಬುದು ಸಂಶೋಧಕರ ವಿವರಣೆ.

ಹಾಗಾದರೆ ಭಿನ್ನರಾಶಿಯ ಪಾಠ ಹೇಗೆ ಶುರುವಾಗಬೇಕು? 12 ಸೆಂಟಿಮೀಟರ್ ಉದ್ದದ ಒಂದು ಕಾಗದದ ಪಟ್ಟಿ ಸಾಕು. ಅದರ ಅರ್ಧ 6 ಸೆಂ.ಮೀ. ಬೋರ್ಡಿನ ಮೇಲೆ 1/2 + 1/3 = 2/5 ಎಂದು ಬರೆದು, ಅದೇ ಪಟ್ಟಿಯಲ್ಲಿ 2/5 ಎಷ್ಟು ಬರುತ್ತದೆ ಎಂದು ಅಳೆಸಬೇಕು. ಬರುವುದು 4.8 ಸೆಂ.ಮೀ. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಹೇಗಾಯಿತು? ಈ ಪ್ರಶ್ನೆಯೇ ತರಗತಿಯನ್ನು ಎಬ್ಬಿಸುತ್ತದೆ, ಅದಕ್ಕೆ ಉತ್ತರ ಹುಡುಕುವುದೇ ಅಂದಿನ ಪಾಠವಾಗುತ್ತದೆ. ಉದ್ದೇಶ ತಿಳಿಸುವ ಎರಡನೇ ಘಟ್ಟವೂ ಇಲ್ಲಿಯೇ ಮುಗಿಯುತ್ತದೆ: ‘ಛೇದ ಬೇರೆ ಬೇರೆ ಇರುವ ಎರಡು ಭಿನ್ನರಾಶಿ ಕೂಡಿಸಿ, ಉತ್ತರ ಸರಿಯೇ ಎಂದು ನೀವೇ ಹೇಳುವಂತಾಗಬೇಕು.’

ತಪ್ಪು ಕಲ್ಪನೆ 3: ಚೆನ್ನಾಗಿ ವಿವರಿಸಿದರೆ ಪಾಠ ಮುಗಿದಂತೆ

ಸತ್ಯ: ಒಂಬತ್ತರಲ್ಲಿ ವಿಷಯ ಮುಂದಿಡುವುದು ಒಂದು ಘಟ್ಟ ಮಾತ್ರ. ಅದರ ಬೆನ್ನಿಗೇ ದಾರಿ ತೋರುವುದು, ಮಾಡಿಸಿ ನೋಡುವುದು ಬರಬೇಕು.

ಅದೇ ಪಟ್ಟಿಯನ್ನು ಆರು ಸಮಭಾಗವಾಗಿ ಮಡಿಸಿದರೆ ಒಂದೊಂದು ಭಾಗ 2 ಸೆಂ.ಮೀ. ಆಗ ಅರ್ಧ ಎಂದರೆ ಮೂರು ಭಾಗ, ಮೂರನೇ ಒಂದು ಎಂದರೆ ಎರಡು ಭಾಗ, ಒಟ್ಟು ಐದು. ಅಂದರೆ 3/6 + 2/6 = 5/6. ಭಾಗಗಳ ಅಳತೆ ಒಂದೇ ಆದ ಮೇಲಷ್ಟೇ ಎಣಿಸಿ ಕೂಡಿಸಬಹುದು ಎಂಬುದು ಕಣ್ಣಿಗೇ ಕಾಣುತ್ತದೆ. ಇಷ್ಟು ವಿಷಯ ಮುಂದಿಟ್ಟ ಹಾಗಾಯಿತು. ದಾರಿ ತೋರುವುದು ಎಂದರೆ ಮುಂದಿನ ಲೆಕ್ಕದಲ್ಲಿ ಅರ್ಧ ಕೆಲಸ ಮಾಡಿಟ್ಟು ಉಳಿದದ್ದನ್ನು ಮಗುವಿಗೆ ಬಿಡುವುದು: 1/4 + 1/6 = 3/12 + □/12. ಅದರ ಮುಂದಿನದರಲ್ಲಿ ಛೇದವನ್ನೂ ಖಾಲಿ ಬಿಡುವುದು. ಆಮೇಲೆ ಬರೀ ಲೆಕ್ಕ, ಸುಳಿವೇ ಇಲ್ಲ. ಈ ಕೊನೆಯ ಲೆಕ್ಕವೇ ಆರನೇ ಘಟ್ಟ. ಪ್ರತಿಯೊಂದು ಮಗುವೂ ತನ್ನ ಪುಸ್ತಕದಲ್ಲಿ ಮಾಡಬೇಕು, ಮುಂದಿನ ಬೆಂಚಿನ ಜಾಣೆ ಬೋರ್ಡಿನ ಮೇಲೆ ಬಿಡಿಸಿದರೆ ಉಳಿದವರಿಗೆ ಲೆಕ್ಕ ಬರುತ್ತದೆಯೇ ಎಂಬುದು ತಿಳಿಯದೇ ಹೋಗುತ್ತದೆ.

ತಪ್ಪು ಕಲ್ಪನೆ 4: ಸರಿ–ತಪ್ಪು ಗುರುತು ಹಾಕಿ ಅಂಕ ಕೊಟ್ಟರೆ ಅದೇ ಹಿಮ್ಮಾಹಿತಿ

ಸತ್ಯ: ಗ್ಯಾಗ್ನೆ ಹಿಮ್ಮಾಹಿತಿಯನ್ನು ಏಳನೆಯದಾಗಿ, ಮೌಲ್ಯಮಾಪನವನ್ನು ಎಂಟನೆಯದಾಗಿ ಬೇರೆ ಬೇರೆ ಇಟ್ಟರು. ಮೊದಲನೆಯದು ತಿದ್ದಿಕೊಳ್ಳಲು, ಎರಡನೆಯದು ಕಲಿಕೆ ನಿಂತಿದೆಯೇ ಎಂದು ತೀರ್ಮಾನಿಸಲು.

1/4 + 2/5 ಎಂಬ ಲೆಕ್ಕ ಕೊಟ್ಟಾಗ ಮೂವರು ಮಕ್ಕಳು ಮೂರು ತಪ್ಪು ಉತ್ತರ ಬರೆದರು ಎಂದಿಟ್ಟುಕೊಳ್ಳೋಣ: 3/9, 3/20, 12/20. ಕೆಂಪು ಶಾಯಿಯ ಗುರುತಿಗೆ ಮೂರೂ ಒಂದೇ. ನಿಜದಲ್ಲಿ ಮೊದಲನೆಯ ಮಗು ಹಳೆಯ ತಪ್ಪಿನಲ್ಲೇ ಇದೆ, ಅದು ಕಾಗದದ ಪಟ್ಟಿಗೆ ಮರಳಬೇಕು. ಎರಡನೆಯದು ಛೇದವನ್ನು 20 ಮಾಡಿತು, ಆದರೆ ಅಂಶಗಳನ್ನು ಬದಲಿಸಲು ಮರೆಯಿತು. ‘1/4 ಮತ್ತು 1/20 ಸಮವೇ?’ ಎಂಬ ಒಂದೇ ಪ್ರಶ್ನೆ ಅದಕ್ಕೆ ಸಾಕು. ಮೂರನೆಯದು 5/20, 8/20 ಎಂದು ಸರಿಯಾಗಿ ಬರೆದು 5 ಮತ್ತು 8 ಕೂಡುವಾಗ ಎಡವಿದೆ. ಅದಕ್ಕೆ ಭಿನ್ನರಾಶಿಯ ಪಾಠ ಮತ್ತೆ ಬೇಕಿಲ್ಲ, ಕೂಡಿದ್ದನ್ನು ಇನ್ನೊಮ್ಮೆ ನೋಡಿದರೆ 13/20 ಸಿಗುತ್ತದೆ.

ಹಿಮ್ಮಾಹಿತಿ ಯಾವಾಗಲೂ ಒಳ್ಳೆಯದನ್ನೇ ಮಾಡುತ್ತದೆ ಎನ್ನುವಂತೆಯೂ ಇಲ್ಲ. ಅವ್ರಹಾಂ ಕ್ಲೂಗರ್ ಮತ್ತು ಏಂಜೆಲೊ ಡಿನಿಸಿ 1996ರಲ್ಲಿ ನೂರಾರು ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮೂರನೇ ಒಂದಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಹಿಮ್ಮಾಹಿತಿಯ ನಂತರ ಸಾಧನೆ ಕುಗ್ಗಿತ್ತು. ಮಾತು ಕೆಲಸವನ್ನು ಬಿಟ್ಟು ವ್ಯಕ್ತಿಯ ಕಡೆಗೆ ತಿರುಗಿದಷ್ಟೂ ಫಲ ಕಡಿಮೆ ಎಂಬುದು ಅವರು ಕೊಟ್ಟ ವಿವರಣೆ. ‘ನೀನು ಜಾಣ’, ‘ನೀನು ದಡ್ಡ’ ಎರಡಕ್ಕೂ ಇದು ಅನ್ವಯ.

ತಪ್ಪು ಕಲ್ಪನೆ 5: ಒಂದೇ ಬಗೆಯ ಲೆಕ್ಕ ಇಪ್ಪತ್ತು ಸಲ ಮಾಡಿಸಿದರೆ ಮರೆಯುವುದಿಲ್ಲ, ಬೇರೆಡೆಯೂ ಬಳಸುತ್ತಾರೆ

ಸತ್ಯ: ಒಂಬತ್ತನೇ ಘಟ್ಟ ಹೆಚ್ಚು ಎಡವುವುದು ಇಲ್ಲಿಯೇ. ಏಕೆಂದರೆ ಅಂದಿನ ಮಟ್ಟಿಗೆ ಈ ಉಪಾಯ ಗೆದ್ದಂತೆಯೇ ಕಾಣುತ್ತದೆ. ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು ಘನಾಕೃತಿಗಳ ಗಾತ್ರ ಕಂಡುಹಿಡಿಯುವುದನ್ನು ಕಲಿತರು. ಒಂದು ಗುಂಪು ಒಂದು ಬಗೆಯ ಲೆಕ್ಕ ಮುಗಿಸಿಯೇ ಇನ್ನೊಂದಕ್ಕೆ ಹೋಯಿತು, ಇನ್ನೊಂದು ಗುಂಪಿಗೆ ಎಲ್ಲ ಬಗೆಯೂ ಬೆರೆತು ಬಂದವು. ಅಭ್ಯಾಸದ ವೇಳೆ ಮೊದಲ ಗುಂಪು ಶೇಕಡಾ 89, ಬೆರಕೆಯ ಗುಂಪು ಶೇಕಡಾ 60 ಸರಿ ಮಾಡಿತು. ವಾರದ ನಂತರದ ಪರೀಕ್ಷೆಯಲ್ಲಿ ಮೊದಲ ಗುಂಪು 20ಕ್ಕೆ ಕುಸಿಯಿತು, ಬೆರಕೆಯ ಗುಂಪು 63ರಲ್ಲಿ ನಿಂತಿತು.

ಕಾರಣ ಕಷ್ಟದ್ದೇನಲ್ಲ. ‘ಭಿನ್ನರಾಶಿ ಸಂಕಲನ’ ಎಂಬ ತಲೆಬರಹದ ಕೆಳಗೆ ಇಪ್ಪತ್ತು ಲೆಕ್ಕವಿದ್ದರೆ ಯಾವ ವಿಧಾನ ಹಿಡಿಯಬೇಕು ಎಂದು ಮಗು ಯೋಚಿಸುವುದೇ ಇಲ್ಲ. 2/7 + 3/7, 1/2 + 1/3, 3/4 − 1/6, 1/2 × 1/3 ಒಟ್ಟಿಗೆ ಬಂದಾಗ ಮಾತ್ರ ಎಲ್ಲಿ ಛೇದ ಸಮ ಮಾಡಬೇಕು, ಎಲ್ಲಿ ಬೇಡ ಎಂಬ ಪ್ರಶ್ನೆ ಹುಟ್ಟುತ್ತದೆ. ಕೊನೆಯ ಲೆಕ್ಕಕ್ಕೆ ಅದು ಬೇಕೇ ಇಲ್ಲ, ಉತ್ತರ ನೇರವಾಗಿ 1/6.

ಇನ್ನು ಉಳಿಯುವುದರ ವಿಚಾರ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ತೋರಿಸಿದಂತೆ, ಓದಿದ್ದನ್ನು ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿಕೊಂಡವರೇ ಮುಂದಿದ್ದರು. ವಾರದ ನಂತರ, ನೋಡದೆ ನೆನಪಿನಿಂದ ಬರೆದವರಿಗೆ ಶೇಕಡಾ 56 ನೆನಪಿತ್ತು, ಮತ್ತೆ ಓದಿಕೊಂಡವರಿಗೆ 42.

ಬೇರೆಡೆ ಬಳಸುವುದಂತೂ ತಾನಾಗಿ ಆಗುವುದಿಲ್ಲ. ಮೇರಿ ಗಿಕ್ ಮತ್ತು ಕೀತ್ ಹೋಲಿಯೋಕ್ 1980ರಲ್ಲಿ, ಕೋಟೆಯೊಂದನ್ನು ಹಿಡಿಯಲು ಸೈನ್ಯವನ್ನು ಹಲವು ದಾರಿಗಳಲ್ಲಿ ಹಂಚಿ ಕಳಿಸಿದ ಸೇನಾಪತಿಯ ಕಥೆ ಓದಿಸಿ, ಗೆಡ್ಡೆಗೆ ಕಿರಣ ಹಾಯಿಸುವ ವೈದ್ಯರ ಸಮಸ್ಯೆ ಕೊಟ್ಟರು. ಎರಡಕ್ಕೂ ಪರಿಹಾರ ಒಂದೇ ಆದರೂ ಹೆಚ್ಚಿನವರಿಗೆ ಅದು ಹೊಳೆಯಲಿಲ್ಲ. ‘ಆ ಕಥೆ ನೆರವಾಗಬಹುದು’ ಎಂದ ಮೇಲೆ ಹೆಚ್ಚಿನವರು ಬಿಡಿಸಿದರು. ಅರ್ಧ ಕೆ.ಜಿ. ತೊಗರಿಬೇಳೆಗೆ ಕಾಲು ಕೆ.ಜಿ. ಹೆಸರುಬೇಳೆ ಸೇರಿಸಿದರೆ ತೂಕ ಎಷ್ಟು ಎಂಬುದೂ ಬೋರ್ಡಿನ ಮೇಲಿದ್ದ ಲೆಕ್ಕವೂ ಒಂದೇ ಜಾತಿಯವು ಎಂದು ತರಗತಿಯಲ್ಲಿ ಬಾಯಿಬಿಟ್ಟು ಹೇಳಬೇಕು, ಮಕ್ಕಳಿಂದ ಹೇಳಿಸಲೂ ಬೇಕು.

ಗ್ಯಾಗ್ನೆಯ ಚೌಕಟ್ಟಿಗೂ ಮಿತಿಯಿದೆ. ನಿಯಮ, ವಿಧಾನ, ಕೌಶಲ ಕಲಿಸುವ ಪಾಠಗಳಿಗೆ ಅದು ಚೆನ್ನಾಗಿ ಹೊಂದುತ್ತದೆ. ಒಂದು ಪದ್ಯವನ್ನು ಸವಿಯುವ ತರಗತಿಯಲ್ಲಿ ಉದ್ದೇಶವನ್ನು ಮೊದಲೇ ಸಾರಿದರೆ ಸವಿಯೇ ಕೆಡಬಹುದು. ಯಾವ ಘಟ್ಟಕ್ಕೆ ಎಷ್ಟು ನಿಮಿಷ ಎಂಬುದನ್ನೂ ಪಟ್ಟಿ ಹೇಳುವುದಿಲ್ಲ. ಭಿನ್ನರಾಶಿ ಕಲಿಸುವ ಶಿಕ್ಷಕರು ಮಾತ್ರ ಈ ತಿಂಗಳಿಂದಲೇ ಎರಡು ಬದಲಾವಣೆ ಮಾಡಿ ನೋಡಬಹುದು. ವಿವರಣೆಯಿಂದ ಹತ್ತು ನಿಮಿಷ ಕಿತ್ತು ಮಕ್ಕಳ ಕೈಯಲ್ಲಿ ಮಾಡಿಸಿ ತಿದ್ದಲು ಇಡಲಿ. ಮುಂದಿನ ವಾರ ಬೇರೆ ಪಾಠ ನಡೆಯುವಾಗಲೂ ಈ ಪಾಠದ ಎರಡು ಲೆಕ್ಕಗಳನ್ನು, ಪುಸ್ತಕ ಮುಚ್ಚಿಸಿ, ಬೇರೆ ಲೆಕ್ಕಗಳ ನಡುವೆ ಬೆರೆಸಿ ಕೇಳಲಿ.