ಗೆದ್ದವನ ಮುಖ, ಸೋತವನ ಮೈ

ಟೆನಿಸ್ ಪಂದ್ಯದಲ್ಲಿ ನಿರ್ಣಾಯಕ ಪಾಯಿಂಟ್ ಮುಗಿದ ಕೂಡಲೇ ತೆಗೆದ ಒಂದು ಫೋಟೊ. ಅದರಿಂದ ಆಟಗಾರನ ಮುಖವನ್ನಷ್ಟೇ ಕತ್ತರಿಸಿ ಕೈಗೆ ಕೊಟ್ಟು, ‘ಇವನು ಗೆದ್ದನೋ ಸೋತನೋ ಹೇಳಿ’ ಎಂದರೆ, ಅದೇನು ಮಹಾ ಎನಿಸುತ್ತದೆ. ಗೆದ್ದವನ ಮುಖ ಅರಳಿರುತ್ತದೆ, ಸೋತವನದು ಬಾಡಿರುತ್ತದೆ ಎಂದೇ ನಮ್ಮ ನಂಬಿಕೆ. ಹಿಲೆಲ್ ಅವಿಯೆಜರ್, ಯಾಕೊವ್ ಟ್ರೋಪ್ ಮತ್ತು ಅಲೆಕ್ಸಾಂಡರ್ ಟೊಡೊರೊವ್ ಎಂಬ ಮೂವರು ಮನೋವಿಜ್ಞಾನಿಗಳು ಇದನ್ನು ನಿಜಕ್ಕೂ ಪರೀಕ್ಷಿಸಿ, 2012ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಬರೀ ಮುಖ ನೋಡಿದವರಿಗೆ ಗೆದ್ದವರು ಯಾರು, ಸೋತವರು ಯಾರು ಎಂಬುದೇ ತಿಳಿಯಲಿಲ್ಲ. ಅವರ ಉತ್ತರಕ್ಕೂ ನಾಣ್ಯ ಚಿಮ್ಮಿ ಹೇಳುವುದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ.

ಇನ್ನೊಂದು ಗುಂಪಿಗೆ ತದ್ವಿರುದ್ಧವಾಗಿ, ಮುಖವನ್ನು ಅಳಿಸಿ ಮೈಯನ್ನಷ್ಟೇ ಉಳಿಸಿದ ಚಿತ್ರಗಳನ್ನು ತೋರಿಸಿದರು. ಅವರು ಸಲೀಸಾಗಿ ಗುರುತಿಸಿದರು. ಪೂರ್ತಿ ಚಿತ್ರ ನೋಡಿದ ಮೂರನೆಯ ಗುಂಪೂ ಸರಿಯಾಗಿಯೇ ಹೇಳಿತು. ತಮಾಷೆಯೆಂದರೆ, ಯಾವುದನ್ನು ನೋಡಿ ತಿಳಿಯಿತು ಎಂದು ಕೇಳಿದಾಗ ಪೂರ್ತಿ ಚಿತ್ರ ನೋಡಿದವರಲ್ಲಿ ಹೆಚ್ಚಿನವರು ಮುಖದತ್ತಲೇ ಬೊಟ್ಟು ಮಾಡಿದರು. ಆಮೇಲೆ ಸಂಶೋಧಕರು ಒಂದು ಕಿಡಿಗೇಡಿತನ ಮಾಡಿದರು: ಸೋತವನ ಮುಖವನ್ನು ಗೆದ್ದವನ ಮೈಗೆ ಅಂಟಿಸಿದರು, ಗೆದ್ದವನದನ್ನು ಸೋತವನಿಗೆ. ನೋಡಿದವರಿಗೆ ಅದೇ ಮುಖ ಈಗ ಬೇರೆಯಾಗಿ ಕಂಡಿತು. ಮೈ ಗೆದ್ದದ್ದಾದರೆ ಮುಖದಲ್ಲೂ ಗೆಲುವು, ಮೈ ಸೋತದ್ದಾದರೆ ಮುಖದಲ್ಲೂ ಸಂಕಟ. ಅಂದರೆ ಮುಷ್ಟಿ, ತೋಳು, ಭುಜಗಳಲ್ಲಿ ಕಂಡದ್ದನ್ನು ನಮ್ಮ ಮನಸ್ಸು ಸದ್ದಿಲ್ಲದೆ ಮುಖದ ಲೆಕ್ಕಕ್ಕೆ ಬರೆದುಬಿಡುತ್ತದೆ.

ಹೀಗೇಕೆ ಎಂಬುದಕ್ಕೆ ಅರ್ಧ ಉತ್ತರ ಚಾರ್ಲ್ಸ್ ಡಾರ್ವಿನ್ 1872ರಲ್ಲಿ ಭಾವಾಭಿವ್ಯಕ್ತಿಯ ಬಗ್ಗೆ ಬರೆದ ಪುಸ್ತಕದಲ್ಲೇ ಇದೆ. ಜೋರಾಗಿ ಕಿರುಚುವಾಗ ಎದೆಯಿಂದ ಉಸಿರು ರಭಸವಾಗಿ ಹೊರಬರುತ್ತದೆ, ಕಣ್ಣಿನ ಸುತ್ತಲಿನ ರಕ್ತನಾಳಗಳಲ್ಲಿ ಒತ್ತಡ ಏರುತ್ತದೆ. ಕಣ್ಣನ್ನು ಕಾಪಾಡಲೆಂದು ಅದರ ಸುತ್ತಲಿನ ಬಳೆಯಂಥ ಸ್ನಾಯು ಬಿಗಿಯುತ್ತದೆ ಎಂಬುದು ಅವನ ವಿವರಣೆ. ಕಣ್ಣು ಕಿರಿದಾಗುತ್ತದೆ, ಕೆನ್ನೆ ಮೇಲೇರುತ್ತದೆ, ಬಾಯಿ ಅಗಲವಾಗಿ ತೆರೆದು ಹಲ್ಲು ಕಾಣುತ್ತದೆ. ಈ ಕಿರುಚಾಟ ನೋವಿನದೋ ಸಂತೋಷದ್ದೋ ಎಂಬುದು ಸ್ನಾಯುವಿಗೆ ಬೇಕಿಲ್ಲ. ಹೊಟ್ಟೆ ಹುಣ್ಣಾಗುವಂತೆ ನಕ್ಕು ಕಣ್ಣೀರು ಸುರಿಸಿದವನ ಮುಖಕ್ಕೂ ಬಿಕ್ಕಿ ಬಿಕ್ಕಿ ಅತ್ತವನ ಮುಖಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುವುದಿಲ್ಲ ಎಂದು ಡಾರ್ವಿನ್ ಗಮನಿಸಿದ್ದ. ಮೆಲುವಾದ ಮುಗುಳ್ನಗೆಯನ್ನೂ ಸಪ್ಪೆ ಮುಖವನ್ನೂ ಬೇರೆ ಮಾಡಿ ನೋಡಲು ಕಷ್ಟವಿಲ್ಲ. ಭಾವ ತುದಿ ಮುಟ್ಟಿದಾಗಲೇ, ಅಂದರೆ ಮುಖ ಅತ್ಯಂತ ಸ್ಪಷ್ಟವಾಗಿ ಮಾತಾಡುತ್ತಿದೆ ಎಂದು ನಮಗೆ ಅನಿಸುವ ಹೊತ್ತಿನಲ್ಲೇ, ಅದು ಹೆಚ್ಚು ಗೊಂದಲ ಹುಟ್ಟಿಸುತ್ತದೆ.

ನಮ್ಮ ಅಲಂಕಾರಶಾಸ್ತ್ರ ಓದಿದವರಿಗೆ ಇದು ಪೂರಾ ಹೊಸದೆನಿಸಲಿಕ್ಕಿಲ್ಲ. ಕಾಶ್ಮೀರದ ಮಮ್ಮಟ 11ನೆಯ ಶತಮಾನದಲ್ಲಿ ‘ಕಾವ್ಯಪ್ರಕಾಶ’ದಲ್ಲಿ ಇದೇ ತೊಡಕನ್ನು ಎತ್ತುತ್ತಾನೆ. ಕಣ್ಣೀರು ಕರುಣಕ್ಕೂ ಸೇರಬಹುದು, ಶೃಂಗಾರಕ್ಕೂ, ಭಯಾನಕಕ್ಕೂ. ಹುಲಿ ಎದುರಾದರೆ ಒಬ್ಬನಿಗೆ ಭಯ, ಇನ್ನೊಬ್ಬನಿಗೆ ವೀರ, ಮತ್ತೊಬ್ಬನಿಗೆ ಬೆರಗು. ಆದ್ದರಿಂದ ಒಂದೊಂದನ್ನೇ ಹಿಡಿದು ರಸ ಇಂಥದ್ದೇ ಎನ್ನಲಾಗದು. ಕಾರಣವಾದ ವಿಭಾವ, ಮೈಮೇಲೆ ಕಾಣುವ ಅನುಭಾವ, ಬಂದು ಹೋಗುವ ವ್ಯಭಿಚಾರಿಭಾವ ಇವೆಲ್ಲ ಕೂಡಬೇಕು ಎಂಬುದು ಅವನ ವಾದ. ಕತ್ತರಿಸಿದ ಟೆನಿಸ್ ಮುಖವೆಂದರೆ ಉಳಿದೆಲ್ಲವನ್ನೂ ಕಳಚಿ ಅನುಭಾವದ ಒಂದು ಚೂರನ್ನಷ್ಟೇ ಉಳಿಸಿಕೊಂಡ ಹಾಗೆ. ಅವನು ಚರ್ಚಿಸಿದ್ದು ಕಾವ್ಯ–ನಾಟಕವನ್ನು, ಫೋಟೊವನ್ನಲ್ಲ. ಆದರೂ ಪ್ರಶ್ನೆ ಅದೇ.

ಇಷ್ಟು ಕತ್ತರಿ ಜಾಗದ್ದಾಯಿತು. ಫೋಟೊ ಕಾಲವನ್ನೂ ಕತ್ತರಿಸುತ್ತದೆ. ಆಟೋಟದ ಛಾಯಾಗ್ರಾಹಕರು ಸಾಮಾನ್ಯವಾಗಿ ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು ಮಾತ್ರ ಶಟರ್ ತೆರೆಯುತ್ತಾರೆ. ಒಂದು ಸಲ ರೆಪ್ಪೆ ಬಡಿಯುವುದಕ್ಕೇ ಸೆಕೆಂಡಿನ ಹತ್ತನೆಯ ಒಂದು ಭಾಗ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಬೇಕು. ಹಾಗಾಗಿ ಅರ್ಧ ಮುಚ್ಚಿದ ರೆಪ್ಪೆ ಫೋಟೊದಲ್ಲಿ ಸಿಕ್ಕಿಬಿದ್ದರೆ ಎಚ್ಚರವಾಗಿರುವ ಮನುಷ್ಯ ತೂಕಡಿಸುತ್ತಿರುವಂತೆ, ಇಲ್ಲವೇ ಕುಡಿದಂತೆ ಕಾಣುತ್ತಾನೆ. ಎದುರಿಗೆ ಕೂತು ಮಾತಾಡುವಾಗ ನಮಗೆ ಆ ಮುಖ ಕಂಡೇ ಇರುವುದಿಲ್ಲ.

ಮಾತಾಡುವ ಬಾಯಂತೂ ಇನ್ನೂ ಮೋಸಗಾರ. ಕನ್ನಡಿಯ ಮುಂದೆ ನಿಂತು ‘ಈ’ ಎಂದು ಎಳೆಯಿರಿ. ತುಟಿಯ ಅಂಚುಗಳು ಕಿವಿಯತ್ತ ಸರಿದು ನಗುವಿನ ಆಕಾರ ಬರುತ್ತದೆ. ‘ಊ’ ಎಂದರೆ ಮೂತಿ ಮುಂದೆ ಬಂದು ಮುನಿಸಿನ ಹಾಗೆ ಕಾಣುತ್ತದೆ. ‘ಆ’ ಎಂದರೆ ಗಾಬರಿ. ಈಗ ಒಬ್ಬ ಶಾಸಕರು ಸದನದಲ್ಲಿ ನೀರಾವರಿಯ ಬಗ್ಗೆ ಅರ್ಧ ನಿಮಿಷ ಮಾತಾಡುತ್ತಾರೆ ಎಂದುಕೊಳ್ಳಿ. ಸೆಕೆಂಡಿಗೆ 10 ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ 300 ಮುಖ ಸಿಗುತ್ತವೆ. ಅವುಗಳಲ್ಲಿ ನಗುತ್ತಿರುವ, ಹಲ್ಲು ಕಡಿಯುವ, ನಿದ್ದೆಗಣ್ಣಿನ, ಬೆಪ್ಪಾದ ಮುಖಗಳೆಲ್ಲ ಇರುತ್ತವೆ. ಇಷ್ಟಾದರೂ ಆ ಅರ್ಧ ನಿಮಿಷ ಅವರ ಮನಸ್ಸಿನಲ್ಲಿದ್ದದ್ದು ಕಾಲುವೆಯ ಹೂಳು ಮಾತ್ರ ಇರಬಹುದು. ಯಾವ ಮುಖ ಅಚ್ಚಾಗುತ್ತದೆ ಎಂಬುದನ್ನು ನಿರ್ಧರಿಸುವುದು ಪತ್ರಿಕೆಯ ಡೆಸ್ಕು. ಅದರ ಕೆಳಗೆ ‘ಆಕ್ರೋಶ ವ್ಯಕ್ತಪಡಿಸಿದರು’ ಎಂದು ಅಡಿಬರಹ ಹಾಕಿದರೆ ಓದುಗರಿಗೆ ಆಕ್ರೋಶವೇ ಕಾಣುತ್ತದೆ. ಇದರಲ್ಲಿ ಎಲ್ಲ ಸಲವೂ ದುರುದ್ದೇಶ ಇರುತ್ತದೆ ಎಂದು ನಾನು ಹೇಳಲಾರೆ; ಸಪ್ಪೆ ಮುಖಕ್ಕಿಂತ ಖಾರದ ಮುಖ ಪುಟಕ್ಕೆ ಒಪ್ಪುತ್ತದೆ, ಅಷ್ಟೆ.

ಹಾಗಿದ್ದರೆ ಮುಖ ಬಿಟ್ಟು ಮೈ ನೋಡಿದರಾಯಿತೇ? ಟೆನಿಸ್ ಚಿತ್ರಗಳ ಮಟ್ಟಿಗೆ ಅದು ಒಳ್ಳೆಯ ಉಪಾಯ. ಬೆರಳಿಂದ ಮುಖ ಮುಚ್ಚಿ ಒಮ್ಮೆ, ಮೈ ಮುಚ್ಚಿ ಇನ್ನೊಮ್ಮೆ ನೋಡಿದರೆ ಯಾವುದರಿಂದ ಏನು ತಿಳಿಯಿತು ಎಂಬುದು ಗೊತ್ತಾಗುತ್ತದೆ. ಆದರೆ ಮೈಯೂ ಕೈಕೊಡುವುದುಂಟು. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ನದಿಯಂಚಿನಲ್ಲಿ ಬಿಸಿಲಿಗೆ ಕೂತಿದ್ದ ಐವರು ಯುವಜನರ ಚಿತ್ರವನ್ನು ಮ್ಯಾಗ್ನಮ್ ಸಂಸ್ಥೆಯ ಥಾಮಸ್ ಹೋಪ್ಕರ್ ತೆಗೆದರು. ಹಿಂದೆ, ಆಚೆ ದಡದಲ್ಲಿ, ಅವಳಿ ಗೋಪುರಗಳಿದ್ದ ಕಡೆಯಿಂದ ದಟ್ಟ ಹೊಗೆ. ಮುಂದೆ ಈ ಐವರು ಹಾಯಾಗಿ ಹರಟುತ್ತಿರುವ ಹಾಗಿದೆ. ಚಿತ್ರ ಜನರಲ್ಲಿ ಗೊಂದಲ ಎಬ್ಬಿಸಬಹುದೆಂದು ಹೋಪ್ಕರ್ ಅದನ್ನು ಕೆಲವು ವರ್ಷ ಹೊರತರಲಿಲ್ಲ. 2006ರಲ್ಲಿ ಅದು ಬೆಳಕಿಗೆ ಬಂದಾಗ ‘ನ್ಯೂಯಾರ್ಕ್ ಟೈಮ್ಸ್’ ಅಂಕಣಕಾರ ಫ್ರಾಂಕ್ ರಿಚ್, ದುರಂತವನ್ನು ಬೇಗ ಮರೆತು ಮುಂದೆ ಸಾಗುವ ಅಮೆರಿಕವನ್ನು ಅದರಲ್ಲಿ ಕಂಡರು.

ಚಿತ್ರದಲ್ಲಿದ್ದವರೊಬ್ಬರು ಕೂಡಲೇ ಪ್ರತಿಕ್ರಿಯಿಸಿದರು. ತಾವೆಲ್ಲ ಆಘಾತದಲ್ಲಿದ್ದೆವು, ಕಣ್ಣೆದುರು ನಡೆದದ್ದನ್ನು ನಂಬಲಾಗದೆ ಅದರ ಬಗ್ಗೆಯೇ ಮಾತಾಡುತ್ತಿದ್ದೆವು ಎಂದರು. ತಮ್ಮ ಗೆಳತಿಯನ್ನು ಬಿಟ್ಟರೆ ಉಳಿದವರು ಅವರಿಗೆ ಅಪರಿಚಿತರು. ಛಾಯಾಗ್ರಾಹಕರು ಹತ್ತಿರ ಬಂದು ಏನೂ ಕೇಳಿರಲಿಲ್ಲ ಎಂಬುದು ಅವರ ಆಕ್ಷೇಪ. ಆ ಕ್ಷಣದ ಹಿಂದು ಮುಂದಿನ ಮಾತು ಯಾವುದೂ ಫಿಲ್ಮಿನಲ್ಲಿ ಇರಲಿಲ್ಲ. ಅಂಕಣಕಾರರ ಕಣ್ಣಿಗೆ ಸಿಕ್ಕಿದ್ದು ಬಿಸಿಲು, ಒರಗಿದ ಮೈಗಳು ಮತ್ತು ಹೊಗೆ.