ಹಳೆಯ ಡೌನ್‌ಲೋಡ್ ಅಳಿಸುವ ಮುನ್ನ

ಕಂಪ್ಯೂಟರಿನಲ್ಲಿ ಜಾಗ ಸಾಲದೆ ಬಂದರೆ ಲೆಕ್ಕ ಬರೆಯುವವರ ಕೈ ಮೊದಲು ಹೋಗುವುದು Downloads ಫೋಲ್ಡರಿಗೆ. ಅಲ್ಲಿ ಬಿದ್ದಿರುವ ಜಿಎಸ್‌ಟಿ ಡೌನ್‌ಲೋಡು, ಬ್ಯಾಂಕ್ ಸ್ಟೇಟ್‌ಮೆಂಟು, ಟ್ಯಾಲಿಯಿಂದ ತೆಗೆದ ಖರೀದಿ ಪಟ್ಟಿ ಎಲ್ಲವೂ ಕಸದಂತೆ ಕಾಣುತ್ತವೆ. ಅಚ್ಚುಕಟ್ಟಾಗಿ ಮಾಡಿದ ತಿಂಗಳ ರಿಪೋರ್ಟು ಬೇರೆಡೆ ಭದ್ರವಾಗಿದೆಯಲ್ಲ, ಇನ್ನು ಇದೇಕೆ ಅನ್ನಿಸುವುದೂ ಸಹಜ. ಆದರೆ ವರ್ಷಗಳು ಕಳೆದ ಮೇಲೆ ರಿಪೋರ್ಟನ್ನು ಕಾಪಾಡುವುದು ಆ ಕಸವೇ.

ದಾವಣಗೆರೆಯಲ್ಲೊಂದು ಹಾರ್ಡ್‌ವೇರ್ ಸಗಟು ಅಂಗಡಿ ಇದೆ ಎಂದಿಟ್ಟುಕೊಳ್ಳಿ. 2020ರ ಜನವರಿಯ ರಿಟರ್ನನ್ನು ಫೆಬ್ರವರಿಯಲ್ಲಿ ತುಂಬಬೇಕು. ಖರೀದಿ ಬಿಲ್ಲುಗಳ ಪ್ರಕಾರ ಇನ್‌ಪುಟ್ ಕ್ರೆಡಿಟ್ 4,46,800 ರೂಪಾಯಿ. ಮಾಲು ಕೊಟ್ಟವರು ಪೋರ್ಟಲಿಗೆ ಏರಿಸಿದ ಬಿಲ್ಲುಗಳನ್ನು ತೋರಿಸುವ GSTR-2A ಪಟ್ಟಿಯಲ್ಲಿ ಕಾಣುವುದು 4,00,000 ಮಾತ್ರ. 2,60,000 ರೂಪಾಯಿಯ ಒಂದು ಬಿಲ್ಲನ್ನು ಮಾರಿದವರು ಇನ್ನೂ ಏರಿಸಿಲ್ಲ. ಅದರ ಮೇಲಿನ 18 ಪರ್ಸೆಂಟ್ ತೆರಿಗೆ 46,800. ಪಟ್ಟಿಯಲ್ಲಿ ಕಂಡ ಕ್ರೆಡಿಟ್ಟಿನ ಮೇಲೆ ಹತ್ತು ಪರ್ಸೆಂಟಿನಷ್ಟು ಮಾತ್ರ, ಕಾಣದ ಬಿಲ್ಲುಗಳ ಲೆಕ್ಕದಲ್ಲಿ ತೆಗೆದುಕೊಳ್ಳಬಹುದು ಎಂಬುದು ಆಗಿನ ನಿಯಮ. ಅಂದರೆ 40,000. ಅಂಗಡಿಯವರು 4,40,000 ತೆಗೆದುಕೊಂಡು, ಉಳಿದ 6,800ನ್ನು ಬಿಲ್ಲು ಪೋರ್ಟಲಿಗೆ ಬಂದ ಮೇಲೆ ಮುಂದಿನ ರಿಟರ್ನಿನಲ್ಲಿ ತೆಗೆದುಕೊಂಡರು. ಎಲ್ಲವೂ ಸರಿಯಾಗಿಯೇ ನಡೆದಿದೆ.

ಮುಂದೊಂದು ದಿನ ನೋಟಿಸ್ ಬರುತ್ತದೆ: ಫೆಬ್ರವರಿಯ ರಿಟರ್ನಿನಲ್ಲಿ ಪಟ್ಟಿಗಿಂತ 6,800 ಜಾಸ್ತಿ ಏಕಿದೆ? ಅಕೌಂಟೆಂಟ್ ಪೋರ್ಟಲಿಗೆ ಹೋಗಿ ಜನವರಿಯ GSTR-2Aಯನ್ನು ಮತ್ತೆ ಇಳಿಸಿಕೊಳ್ಳುತ್ತಾರೆ. ಅದರಲ್ಲಿ ಈಗ ಪೂರ್ತಿ 4,46,800 ಕಾಣುತ್ತಿದೆ. ಮಾರಿದವರು ತಡವಾಗಿ ಏರಿಸಿದ ಬಿಲ್ಲು, ಅದರ ತಾರೀಖಿಗೆ ಸರಿಯಾಗಿ ಜನವರಿಯ ಪಟ್ಟಿಗೇ ಹೋಗಿ ಕೂತಿದೆ. ಹಳೆಯ ರಿಪೋರ್ಟಿನಲ್ಲಿರುವ 4,00,000 ಎಂಬ ಅಂಕಿ ಈಗ ಎಲ್ಲಿಯೂ ಸಿಗುವುದಿಲ್ಲ. ರಿಪೋರ್ಟೇ ತಪ್ಪು ಎಂಬಂತೆ ಕಾಣುತ್ತದೆ. 2020ರ ಫೆಬ್ರವರಿಯಲ್ಲಿ ಇಳಿಸಿದ ಮೂಲ ಫೈಲು ಉಳಿದಿದ್ದರೆ ಆ ದಿನ ಏನು ಕಂಡಿತ್ತು ಎನ್ನುವುದನ್ನು ಒಂದೇ ಹಾಳೆಯಲ್ಲಿ ತೋರಿಸಬಹುದಿತ್ತು.

ಯಾವ ಫೈಲನ್ನು ಇಟ್ಟುಕೊಳ್ಳಬೇಕು ಎನ್ನುವುದಕ್ಕೆ ಉತ್ತರ ಹೀಗೆ ಹೊರಡುತ್ತದೆ. ಮತ್ತೆ ಬೇಕೆಂದಾಗ ಇದು ಇದ್ದ ಹಾಗೇ ಸಿಗುತ್ತದೆಯೇ ಎಂದು ಕೇಳಿಕೊಳ್ಳಬೇಕು. GSTR-2A ಸಿಗುವುದಿಲ್ಲ, ಅದು ಬದಲಾಗುತ್ತಲೇ ಇರುತ್ತದೆ. ಪೋರ್ಟಲನ್ನೇ ಗೋದಾಮು ಎಂದುಕೊಳ್ಳುವುದೂ ಅಪಾಯ: ರಿಟರ್ನಿನ ಮಾಹಿತಿಯನ್ನು ಏಳು ವರ್ಷ ಮಾತ್ರ ತೋರಿಸುವ ನೀತಿಯಂತೆ 2024ರಲ್ಲಿ ಜುಲೈ ಮತ್ತು ಆಗಸ್ಟ್ 2017ರ ಮಾಹಿತಿಯನ್ನು ತೆಗೆದಿದ್ದರು. ವ್ಯಾಪಾರಿಗಳು ತಕರಾರು ಮಾಡಿದ ಮೇಲೆ ಮತ್ತೆ ಹಾಕಿದರು, ಜೊತೆಗೆ ಬೇಕಾದದ್ದನ್ನು ಈಗಲೇ ಇಳಿಸಿಟ್ಟುಕೊಳ್ಳಿ ಎಂದೂ ಹೇಳಿದರು.

ಟ್ಯಾಲಿಯಿಂದ ತೆಗೆಯುವ ಖರೀದಿ ಪಟ್ಟಿಯ ಕಥೆ ಬೇರೆ. ಟ್ಯಾಲಿಯ ಬ್ಯಾಕಪ್ ಇರುವವರೆಗೆ ಅದನ್ನು ಎಷ್ಟು ಸಲ ಬೇಕಾದರೂ ತೆಗೆಯಬಹುದು. ಆದರೆ ಯಾರಾದರೂ ಹಿಂದಿನ ತಾರೀಖಿಗೆ ಒಂದು ಎಂಟ್ರಿ ಹಾಕಿದರೆ ಅದೂ ಬದಲಾಯಿತು. ಹಾಗಾಗಿ ಆಡಿಟ್ ಮುಗಿದ ದಿನದ ಒಂದು ಬ್ಯಾಕಪ್, ಜೊತೆಗೆ ಟ್ಯಾಲಿ ಇಲ್ಲದೆಯೂ ಓದಲು ಬರುವಂತೆ ಆ ವರ್ಷದ ಪಟ್ಟಿಗಳ ಒಂದು ಎಕ್ಸೆಲ್ ಪ್ರತಿ ಇದ್ದರೆ ಸಾಕು. ಇನ್ನು final, final2, final_new ಎಂಬ ಮರಿಗಳಲ್ಲಿ ರಿಟರ್ನಿಗೆ ಆಧಾರವಾದದ್ದು ಒಂದೇ. ಅದನ್ನು ಇಟ್ಟುಕೊಂಡು ಮಿಕ್ಕದ್ದನ್ನು ರಿಟರ್ನ್ ತುಂಬಿದ ತಿಂಗಳಲ್ಲೇ ಅಳಿಸಿದರೆ ಒಳ್ಳೆಯದು. ನೋಟಿಸ್ ಬಂದಾಗ ಯಾವುದು ನಿಜವಾದ ರಿಪೋರ್ಟು ಎಂದು ಗೊಂದಲವಾಗುವುದು ಈ ಮರಿಗಳಿಂದಲೇ.

ಎಷ್ಟು ದಿನ? ಜಿಎಸ್‌ಟಿ ಕಾನೂನಿನ 36ನೇ ಕಲಮಿನ ಪ್ರಕಾರ ವಾರ್ಷಿಕ ರಿಟರ್ನಿಗೆ ಕೊಟ್ಟ ಕೊನೆಯ ದಿನದಿಂದ 72 ತಿಂಗಳು. ಇಲ್ಲಿ ಎಡವುವವರು ಬಹಳ. ವರ್ಷ ಮುಗಿದ ಮಾರ್ಚಿನಿಂದ ಆರು ವರ್ಷ ಎಂದು ಎಣಿಸಿದರೆ ನಮ್ಮ ಅಂಗಡಿಯ 2019-20ರ ಫೈಲುಗಳ ಆಯುಷ್ಯ 2026ರ ಮಾರ್ಚಿಗೆ ಮುಗಿಯಿತು. ಆದರೆ ಆ ಸಾಲಿನ ವಾರ್ಷಿಕ ರಿಟರ್ನಿನ ಗಡುವನ್ನು 2021ರ ಮಾರ್ಚ್ 31ಕ್ಕೆ ಮುಂದೂಡಲಾಗಿತ್ತು. ಅಲ್ಲಿಂದ 72 ತಿಂಗಳು ಎಂದರೆ 2027ರ ಮಾರ್ಚ್ 31. ಪೂರಾ ಒಂದು ವರ್ಷದ ವ್ಯತ್ಯಾಸ. ಅಪೀಲೋ ತನಿಖೆಯೋ ನಡೆಯುತ್ತಿದ್ದರೆ, ಅದು ಅಂತಿಮವಾಗಿ ಇತ್ಯರ್ಥವಾದ ಮೇಲೆ ಒಂದು ವರ್ಷ ಅಥವಾ ಈ 72 ತಿಂಗಳು, ಯಾವುದು ತಡವೋ ಅಲ್ಲಿಯವರೆಗೆ ಸಂಬಂಧಪಟ್ಟ ದಾಖಲೆ ಇರಬೇಕು. ಅಂಗಡಿ ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿದ್ದರೆ ಕಂಪನಿ ಕಾನೂನು ಎಂಟು ವರ್ಷದ ಲೆಕ್ಕದ ಪುಸ್ತಕ ಕೇಳುತ್ತದೆ. ಆಗ ಉದ್ದನೆಯ ಅವಧಿಯೇ ಲೆಕ್ಕಕ್ಕೆ. ಈ ತಾರೀಖನ್ನು ಫೈಲು ಕಟ್ಟಿಡುವ ದಿನವೇ ಫೋಲ್ಡರಿನ ಹೆಸರಿನಲ್ಲಿ ಬರೆದುಬಿಡಬೇಕು: 2019-20_keep-till-2027-03-31. ಆರು ವರ್ಷದ ನಂತರ ಬರುವ ಹೊಸ ಅಕೌಂಟೆಂಟಿಗೆ ಗಡುವು ಮುಂದೂಡಿದ ಸಂಗತಿ ನೆನಪಿರುತ್ತದೆಯೇ?

ಫೈಲು ಇದ್ದೂ ಕೆಡುವುದುಂಟು. CSV ರೂಪದ ಮೂಲ ಫೈಲನ್ನು ಸುಮ್ಮನೆ ನೋಡೋಣವೆಂದು ಎಕ್ಸೆಲ್‌ನಲ್ಲಿ ತೆರೆದು, ಮುಚ್ಚುವಾಗ ಸೇವ್ ಒತ್ತಿದರೆ ಸಾಕು. 1/20 ಎಂಬ ಬಿಲ್ ನಂಬರು ತಾರೀಖಾಗಿ ಮಾರ್ಪಡುತ್ತದೆ, 00452 ಎಂಬುದು 452 ಆಗುತ್ತದೆ, ಹದಿನೈದು ಅಂಕಿ ಮೀರಿದ ಖಾತೆ ಸಂಖ್ಯೆಯ ಕೊನೆಯ ಅಂಕಿಗಳು ಸೊನ್ನೆಯಾಗುತ್ತವೆ. ಬಿಲ್ ನಂಬರಿನ ಸಾಲಿನಲ್ಲಿ ನಡುನಡುವೆ Jan-20ರಂಥದ್ದು ಕಂಡರೆ ಯಾರೋ ಕೈಯಾಡಿಸಿದ್ದಾರೆ ಎಂದೇ ಅರ್ಥ. ಆದ್ದರಿಂದ ಇಳಿಸಿದ ತಕ್ಷಣ ಮೂಲ ಫೈಲನ್ನು ಜಿಪ್ ಮಾಡಿ, ಕೆಲಸಕ್ಕೆ ಬೇರೆ ಪ್ರತಿ ತೆಗೆದುಕೊಳ್ಳುವುದು ಲೇಸು. ಜಿಪ್ಪಿನ ಹೆಸರಿನಲ್ಲಿ ಯಾವ ತಿಂಗಳದ್ದು ಎಂಬುದರ ಜೊತೆ ಇಳಿಸಿದ ದಿನವೂ ಇರಲಿ. ನಮ್ಮ ಅಂಗಡಿಯ ಉದಾಹರಣೆಯಲ್ಲಿ ಇಡೀ ವಾದ ನಿಂತಿರುವುದೇ ಆ ದಿನದ ಮೇಲೆ. ಬಳಿಕ ವಿಂಡೋಸಿನ ಕಮಾಂಡ್ ಕಿಟಕಿಯಲ್ಲಿ ಹೀಗೆ ಕೊಡಬಹುದು:

```
certutil -hashfile 2020-01_GSTR2A_2020-02-14.zip SHA256
```

ಇದು 64 ಅಕ್ಷರಗಳ ಒಂದು ಗುರುತನ್ನು ತೋರಿಸುತ್ತದೆ. ಫೈಲಿನ ಒಂದು ಚುಕ್ಕೆ ಬದಲಾದರೂ ಗುರುತು ಬದಲಾಗುತ್ತದೆ. ಅದನ್ನು ಒಂದು ರಿಜಿಸ್ಟರಿನಲ್ಲಿ ಬರೆದಿಟ್ಟರೆ ವರ್ಷಗಳ ಮೇಲೂ ಫೈಲು ಹಾಳಾಗಿಲ್ಲವೆಂದು ತಾಳೆ ನೋಡಬಹುದು. ಫೈಲನ್ನು ಮೊದಲ ದಿನ ಯಾರು ಹೇಗೆ ತಂದರು ಎಂಬುದಕ್ಕೆ ಇದು ಸಾಕ್ಷಿಯಲ್ಲ. ಗುರುತು ಬರೆದ ದಿನದಿಂದ ಈಚೆಗೆ ಬದಲಾಗಿಲ್ಲ ಎಂದಷ್ಟೇ ಹೇಳುತ್ತದೆ.

ಪ್ರತಿಗಳು ಮೂರಿರಲಿ: ಕಂಪ್ಯೂಟರಿನಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಒಂದು, ಅಂಗಡಿಯ ಹೊರಗೆ ಅಂದರೆ ಆಡಿಟರ ಬಳಿಯೋ ಕ್ಲೌಡಿನಲ್ಲೋ ಇನ್ನೊಂದು. ಹಾರ್ಡ್ ಡಿಸ್ಕನ್ನು ಬ್ಯಾಕಪ್ ಮುಗಿದೊಡನೆ ಕಳಚಿಡಬೇಕು. ಸದಾ ಚುಚ್ಚಿಕೊಂಡೇ ಇದ್ದರೆ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್ ಕಂಪ್ಯೂಟರಿನ ಜೊತೆ ಅದಕ್ಕೂ ಬೀಗ ಜಡಿಯುತ್ತದೆ. ಪೆನ್ ಡ್ರೈವನ್ನು ಡ್ರಾಯರಿನಲ್ಲಿ ವರ್ಷಾನುಗಟ್ಟಲೆ ಬಿಡುವುದನ್ನು ನಾನಂತೂ ಒಪ್ಪುವುದಿಲ್ಲ, ಕರೆಂಟು ಕಾಣದೆ ಬಿದ್ದಲ್ಲಿ ಅದರೊಳಗಿನ ಬರಹ ಮಾಸಬಹುದು. ಜಿಪ್ಪಿಗೆ ಪಾಸ್‌ವರ್ಡ್ ಹಾಕಿದ್ದರೆ ಅದು ಕೆಲಸ ಬಿಟ್ಟುಹೋಗುವ ಹುಡುಗನ ತಲೆಯಲ್ಲಷ್ಟೇ ಇರದೆ ಮಾಲೀಕರ ಬಳಿಯೂ ಬರವಣಿಗೆಯಲ್ಲಿರಬೇಕು. ವರ್ಷಕ್ಕೊಮ್ಮೆ ಹಾರ್ಡ್ ಡಿಸ್ಕಿನಿಂದ ಯಾವುದೋ ಒಂದು ಹಳೆಯ ತಿಂಗಳನ್ನು ಬೇರೆ ಕಂಪ್ಯೂಟರಿಗೆ ಹಾಕಿ, ತೆರೆದು, ರಿಪೋರ್ಟಿನ ಮೊತ್ತ ಮೂಲ ಫೈಲಿನಿಂದ ಮತ್ತೆ ಬರುತ್ತದೆಯೇ ಎಂದು ನೋಡಬೇಕು. ಬರದಿದ್ದರೆ ಇಟ್ಟದ್ದೂ ಒಂದೇ, ಇಡದಿದ್ದದ್ದೂ ಒಂದೇ.

ಅವಧಿ ಮುಗಿದದ್ದನ್ನು ಅಳಿಸುವುದಕ್ಕೂ ಹಿಂಜರಿಯಬೇಕಿಲ್ಲ. ಸಂಬಳದ ಪಟ್ಟಿಗಳಲ್ಲಿ ಕೆಲಸಗಾರರ ಪ್ಯಾನು, ಬ್ಯಾಂಕ್ ಖಾತೆ ಇರುತ್ತವೆ. ಉದ್ದೇಶ ತೀರಿದ ಮೇಲೆ, ಬೇರೆ ಕಾನೂನು ಇಟ್ಟುಕೊಳ್ಳಲು ಹೇಳದಿದ್ದರೆ, ಇಂಥ ವೈಯಕ್ತಿಕ ಮಾಹಿತಿಯನ್ನು ಅಳಿಸಬೇಕೆಂಬುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಆಶಯವೂ ಹೌದು. ಅಳಿಸುವ ಮುನ್ನ ಆ ಸಾಲಿಗೆ ಸಂಬಂಧಿಸಿದ ಯಾವ ನೋಟಿಸೂ ಅಪೀಲೂ ಬಾಕಿಯಿಲ್ಲವೆಂದು ಆಡಿಟರನ್ನು ಕೇಳಿ ಖಾತ್ರಿ ಮಾಡಿಕೊಳ್ಳಬೇಕು. ಮೂರೂ ಪ್ರತಿಗಳನ್ನು ಅಳಿಸಿ, ಯಾವ ಫೋಲ್ಡರು, ಯಾವ ದಿನ, ಯಾರು ಒಪ್ಪಿದರು ಎಂದು ಅದೇ ರಿಜಿಸ್ಟರಿನಲ್ಲಿ ಒಂದು ಸಾಲು ಬರೆದು ಮಾಲೀಕರ ಸಹಿ ಹಾಕಿಸಿಕೊಳ್ಳಬೇಕು.