ಶನಿವಾರದ ನೈಟ್ ಡ್ಯೂಟಿ ಯಾರದು?

ಆಸ್ಪತ್ರೆಯ ವಾರ್ಡಿನಲ್ಲಿ ಡ್ಯೂಟಿ ಬದಲಿಸಿ ಎಂದು ಕೇಳುವ ಸಿಸ್ಟರ್ ಸಾಮಾನ್ಯವಾಗಿ ತನ್ನ ಮನೆಯ ಕಷ್ಟ ಹೇಳಿಕೊಳ್ಳುತ್ತಾರೆ. ಇನ್‌ಚಾರ್ಜ್‌ಗೆ ಕಾಣುವುದು ಖಾಲಿ ಬೀಳುವ ಪಾಳಿ. ಮಾತು ಕೆಡುವುದು ಇಲ್ಲಿಯೇ.

ಒಂದು ವಾರ್ಡಿನಲ್ಲಿ 12 ನರ್ಸ್‌ಗಳಿದ್ದಾರೆ ಎಂದುಕೊಳ್ಳಿ. ಬೆಳಿಗ್ಗೆ 8ರಿಂದ 2ರವರೆಗೆ ನಾಲ್ವರು, 2ರಿಂದ ರಾತ್ರಿ 8ರವರೆಗೆ ಮೂವರು, ರಾತ್ರಿ ಇಬ್ಬರು. ವಾರಕ್ಕೆ 63 ಡ್ಯೂಟಿ ಬೇಕು. ವಾರಕ್ಕೆ ಆರರಂತೆ 12 ಜನರಿಂದ ಸಿಗುವುದು 72. ರಜೆ, ಕಾಯಿಲೆಗೆ ಉಳಿಯುವುದು ಒಂಬತ್ತೇ.

ಇವರಲ್ಲಿ ಒಬ್ಬರ ತಂದೆಗೆ ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಡಯಾಲಿಸಿಸ್. ಒಂದು ಸಲಕ್ಕೆ ಸುಮಾರು ನಾಲ್ಕು ಗಂಟೆ, ಹೋಗಿಬರುವ ಹೊತ್ತು ಬೇರೆ. ಅವರು 10ರಿಂದ 4ರವರೆಗೆ ಕೆಲಸ ಕೊಡಿ ಎಂದು ಕೇಳಿದರೆ ಅದು ಆಗದ ಮಾತು. ಔಷಧಿ, ಡ್ರೆಸ್ಸಿಂಗ್, ಡಾಕ್ಟರ ರೌಂಡ್ಸ್ ಎಲ್ಲವೂ ಬೆಳಿಗ್ಗೆಯೇ ಮುಗಿಯಬೇಕು. ಎರಡು ಗಂಟೆಯ ಮೇಲೆ ಅನಗತ್ಯವಾಗಿ ಒಬ್ಬರು ಹೆಚ್ಚಾಗುತ್ತಾರೆ. ಆದ್ದರಿಂದ ಪಾಳಿಯ ವೇಳೆಯನ್ನು ಮುಟ್ಟದೆ ದಿನಗಳನ್ನು ಮಾತ್ರ ನಿಗದಿ ಮಾಡಿಕೊಳ್ಳುವುದು ಜಾಣತನ. ಡಯಾಲಿಸಿಸ್ ಇರುವ ಮೂರು ದಿನ ಮಧ್ಯಾಹ್ನದ ಪಾಳಿ, ಮಂಗಳವಾರ, ಗುರುವಾರ ಬೆಳಗಿನದು, ಶನಿವಾರ ರಾತ್ರಿ. ಆರು ಡ್ಯೂಟಿ ಸರಿಹೋಯಿತು, ಭಾನುವಾರ ವಿಶ್ರಾಂತಿ.

ಇನ್ನು ಜೊತೆಯವರ ಗೊಣಗಾಟ. ನಾಲ್ಕು ವಾರಕ್ಕೆ 56 ನೈಟ್ ಡ್ಯೂಟಿ, ಅಂದರೆ ತಲೆಗೆ ನಾಲ್ಕೋ ಐದೋ ಬರುತ್ತದೆ. ಈ ಸಿಸ್ಟರ್ ನಾಲ್ಕು ಶನಿವಾರ ಮಾಡಿ, ಒಂದು ವಾರ ಶುಕ್ರವಾರದ ಮಧ್ಯಾಹ್ನದ ಬದಲು ರಾತ್ರಿ ಬಂದರೆ ಐದಾಯಿತು. ಅದೂ ಎಲ್ಲರೂ ತಪ್ಪಿಸಿಕೊಳ್ಳಲು ನೋಡುವ ವಾರಾಂತ್ಯದ ರಾತ್ರಿಗಳು! ತಿಂಗಳ ಕೊನೆಗೆ ಯಾರು ಎಷ್ಟು ರಾತ್ರಿ, ಎಷ್ಟು ಭಾನುವಾರ ಮಾಡಿದರು ಎಂಬ ಪಟ್ಟಿಯನ್ನು ಗೋಡೆಗೆ ಅಂಟಿಸಬೇಕು. ಕಾರಣ ಮಾತ್ರ ನರ್ಸಿಂಗ್ ಸೂಪರಿಂಟೆಂಡೆಂಟರಿಗೆ ತಿಳಿದರೆ ಸಾಕು. ಅಪ್ಪನ ಕಾಯಿಲೆ ಊರಿಗೆಲ್ಲ ಗೊತ್ತಾಗಬೇಕಿಲ್ಲ.

ಇದಕ್ಕೂ ಮಿತಿಯಿದೆ. ಮಧ್ಯಾಹ್ನದ ಪಾಳಿಯಲ್ಲಿ ಜಾಗ ಮೂರೇ. ಸೋಮವಾರವೇ ಬೇಕೆಂದು ನಾಲ್ಕನೆಯವರು ಬಂದರೆ ಒಬ್ಬರಿಗೆ ಇಲ್ಲವೆನ್ನಬೇಕಾಗುತ್ತದೆ. ಇಲ್ಲವೇ ಮೂರು ತಿಂಗಳಿಗೊಮ್ಮೆ ಸರದಿ ಬದಲಿಸಬೇಕು. ಮದುವೆಯಾಗದವರಿಗೆ ಮನೆಯಲ್ಲಿ ಏನು ಕೆಲಸ ಎಂದು ಉಳಿದ ಪಾಳಿಗಳನ್ನೆಲ್ಲ ಅವರ ತಲೆಗೆ ಕಟ್ಟುವುದು ನನ್ನ ಮಟ್ಟಿಗೆ ಅನ್ಯಾಯವೇ.

ತಂದೆ ದಿಢೀರನೆ ಅಡ್ಮಿಟ್ ಆದರೆ? ಪಾಳಿ ಬದಲಿಸಿಕೊಳ್ಳಲು ಒಪ್ಪಿದ ಒಬ್ಬರ ಹೆಸರು ಅರ್ಜಿಯಲ್ಲೇ ಇರಲಿ. ಎಂಟು ವಾರ ಪ್ರಯೋಗ ಮಾಡಿ. ಕೊನೆ ಗಳಿಗೆಯ ಅದಲುಬದಲು ಹೆಚ್ಚಿದ್ದರೆ, ಹ್ಯಾಂಡೋವರ್ ಮುಗಿದರೂ ಹಿಂದಿನ ಪಾಳಿಯವರು ಮನೆಗೆ ಹೋಗಲಾಗುತ್ತಿಲ್ಲವಾದರೆ ವ್ಯವಸ್ಥೆ ಕೂಡಿಬಂದಿಲ್ಲವೆಂದೇ ಲೆಕ್ಕ.

ಬ್ರಿಟನ್ನಿನಲ್ಲಿ 2024ರ ಏಪ್ರಿಲ್‌ನಿಂದ ಕೆಲಸಕ್ಕೆ ಸೇರಿದ ದಿನವೇ ಇಂಥ ಅರ್ಜಿ ಹಾಕಬಹುದು. ಎರಡು ತಿಂಗಳೊಳಗೆ ಮಾಲೀಕರು ತೀರ್ಮಾನ ತಿಳಿಸಬೇಕು. ನಮ್ಮಲ್ಲಿ ಎಲ್ಲ ನೌಕರರಿಗೂ ಅನ್ವಯಿಸುವ ಅಂಥ ಹಕ್ಕಿಲ್ಲ. ಆದ್ದರಿಂದ ಅರ್ಜಿ ಬರೆಯುವ ಮೊದಲು ನಿಮ್ಮ ವಾರ್ಡಿನ ರೋಸ್ಟರ್ ತೆಗೆದುಕೊಂಡು ಲೆಕ್ಕ ಹಾಕಿ.